ಕಲ್ಲಿನ ಮೇಲಿನ ೬ ಮತ್ತು ೯

ಹಾವೇರಿ ಹತ್ತಿರ ನಮ್ಮ ಅಜ್ಜಿಯ ತವರೂರು. ಅಲ್ಲಿ ಅಜ್ಜಿಯ ದೊಡ್ಡಪ್ಪನ ಹೆಸರಿನದೊಂದು ಹಳೇ ಸ್ಮಾರಕದ ಕಲ್ಲಿದೆ. ಅವರು ತೀರಿಕೊಂಡ ದಿನ ಅದರಲ್ಲಿ ಹೀಗಿತ್ತು: ೧೨-೮-೧೯೩೬, ಬುಧವಾರ. ಮಳೆಗೆ ಅಕ್ಷರ ಸವೆದಿದ್ದವು. ಜಾತ್ರೆಗೆ ಮುಂಚೆ ಯಾರೋ ಕಪ್ಪು ಪೇಂಟ್ ಹಚ್ಚಿ ತಿದ್ದಿದರು. ಕೊನೆಯ ೬ ಆವಾಗಲೇ ೯ ಆಯಿತು. ಬಾಲದ ತಿರುವು ಅಳಿಸಿದ್ದರೆ ಆ ಎರಡು ಅಂಕಿ ಗುರುತಿಸೋದು ಕಷ್ಟ.

ಆಮೇಲೆ ಊರಿನ ಸ್ಮರಣ ಸಂಚಿಕೆ ಬಂತು. ಬರೆದವರು ಕಲ್ಲು ನೋಡಿ 1939 ಅಂತ ಹಾಕಿದರು, ವಾರ ಬಿಟ್ಟರು. ಕೆಲವು ವರ್ಷದ ನಂತರ ಗ್ರಾನೈಟಿನ ಹೊಸ ಕಲ್ಲು ನಿಲ್ಲಿಸಿದಾಗ ಸಂಚಿಕೆ ನೋಡಿ ಅದೇ ಇಸವಿ ಕೆತ್ತಿಸಿದರು. ಹೊಸ ಕಲ್ಲು ನೋಡಿ ಇನ್ನೆರಡು ಪುಸ್ತಕದವರು ಬರೆದರು. ಈಗ ಕೇಳಿದರೆ "ನಾಲ್ಕು ಕಡೆ ಐತ್ರಿ, ಹೆಂಗ ತಪ್ಪಾಕ್ಕೈತಿ?" ಅಂತಾರೆ. ನಾಲ್ಕಲ್ಲ, ಒಂದೇ. ಒಬ್ಬರದು ನೋಡಿ ಇನ್ನೊಬ್ಬರು ಬರೆದದ್ದನ್ನು ನಾಲ್ಕು ಸಾಕ್ಷಿ ಅಂತ ಎಣಿಸಬಾರದು ಅಲ್ವಾ?

ನನಗೆ ಅನುಮಾನ ಬಂದದ್ದು ವಾರದಿಂದ. 1939ರ ಆಗಸ್ಟ್ 12 ಶನಿವಾರ. 1936ರ ಆಗಸ್ಟ್ 12 ಬುಧವಾರ. ಆದರೆ ವಾರ ಒಂದನ್ನೇ ನಂಬಿ ಕೂರೋ ಹಾಗಿಲ್ಲ, 1931ರಲ್ಲೂ 1942ರಲ್ಲೂ ಆ ದಿನ ಬುಧವಾರವೇ. ಅದಕ್ಕೆ ಹೊಲದ ಹಳೇ ಕಾಗದ ತೆಗೆಸಿದೆ. ಅವರ ಹೊಲ ಮಕ್ಕಳ ಹೆಸರಿಗೆ ಆದ ವಾರಸಾ ಡೈರಿ, ಅಂದರೆ ಹಕ್ಕು ಬದಲಾದ ದಾಖಲೆ, 1937ರದ್ದು. 1939ರಲ್ಲಿ ತೀರಿಕೊಂಡವರಿಗೆ 1937ರಲ್ಲಿ ವಾರಸಾ ಹಚ್ಚೋದು ಹೇಗೆ? ಹೊಲದ ಕೆಲಸಕ್ಕೆ ಅಂತ ಬರೆದ ಈ ಒಂದು ಸಾಲು ನನಗೆ ಆ ನಾಲ್ಕು ಕಡೆಯದಕ್ಕಿಂತ ಜಾಸ್ತಿ. ಅದನ್ನು ಬರೆದವರಿಗೆ ಕಲ್ಲು ಗೊತ್ತಿರಲಿಲ್ಲ.

ದೊಡ್ಡವರ ವಿಷಯದಲ್ಲೂ ಇದೇ ಪಾಡು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ದಾಟುವಾಗೆಲ್ಲ ನೆನಪಾಗುತ್ತದೆ. ರಾಣಿ ಚೆನ್ನಮ್ಮ ಹುಟ್ಟಿದ್ದು 1778ರ ಅಕ್ಟೋಬರ್ 23 ಅಂತ ಕೆಲವರು, ನವೆಂಬರ್ 14 ಅಂತ ಇನ್ನು ಕೆಲವರು ಬರೆಯುತ್ತಾರೆ. ತೀರಿಕೊಂಡದ್ದು 1829ರ ಫೆಬ್ರವರಿ 2 ಅಂತಲೂ ಇದೆ, 21 ಅಂತಲೂ ಇದೆ. ಅಕ್ಟೋಬರ್ 23 ಕಿತ್ತೂರಿನ ಯುದ್ಧದ ದಿನ. 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು ಅವತ್ತೇ, ಉತ್ಸವ ಮಾಡುವುದೂ ಅವತ್ತೇ. ಉತ್ಸವದ ದಿನವೇ ಜಾರಿ ಹುಟ್ಟಿದ ದಿನದ ಜಾಗದಲ್ಲಿ ಕೂತಿರಬಹುದು ಅಂತ ನನ್ನ ಅನುಮಾನ. ಹುಟ್ಟು, ಯುದ್ಧ ಎರಡೂ ಒಂದೇ ತಾರೀಖಿಗೆ ಬಂದರೆ ನಾನು ಸುಮ್ನೆ ಒಪ್ಪಿಕೊಳ್ಳುವುದಿಲ್ಲ.

ಪುಸ್ತಕದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಕಲ್ಲಿಗೆ ಆ ಅನುಕೂಲ ಇಲ್ಲ. ಹಾಗಾಗಿ ಪುತ್ಥಳಿ ನಿಲ್ಲಿಸುವವರಲ್ಲಿ ನನ್ನದೊಂದೇ ಕೇಳಿಕೆ: ಇಸವಿ ಎಲ್ಲಿಂದ ಸಿಕ್ಕಿತು ಅನ್ನೋದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಕೆತ್ತಿಸಿ. ವಾರ ಗೊತ್ತಿದ್ದರೆ ವಾರವನ್ನೂ ಬಿಡಬೇಡಿ. ಹಳೇ ಕಲ್ಲಿಗೆ ಪೇಂಟ್ ಹಚ್ಚುವ ಮುಂಚೆ ಓರೆ ಬೆಳಕಿನಲ್ಲಿ, ಬೆಳಿಗ್ಗೆ ಅಥವಾ ಸಂಜೆ, ಒಂದು ಫೋಟೋ ತೆಗೆದಿಡಿ. ಸವೆದ ಗೀರೂ ಆಗ ನೆರಳು ಬಿದ್ದು ಕಾಣುತ್ತದೆ.

ಊರಿನ ಹಿರಿಯರಿಗೆ ವಾರಸಾ ಡೈರಿಯ ಪ್ರತಿ ತೋರಿಸಿದೆ. "ಗ್ರಾನೈಟ್ ಒಡ್ಯಾಕ ಆಗಂಗಿಲ್ಲ ತಮ್ಮಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಕೆಳಗೆ ಒಂದು ಸಣ್ಣ ಪಟ್ಟಿ ಕೂಡಿಸೋಣ ಅಂತ ಅವರೇ ಹೇಳಿದರು. ಅದರಲ್ಲಿ ಏನು ಬರೆಯಬೇಕು ಅಂತ ಈ ವಾರ ಕೂತು ಮಾತಾಡುತ್ತೇವೆ.