ಗದ್ದಲದ ರೂಮಿಗೆ ಡೈನಮಿಕ್ಕಾ, ಕಂಡೆನ್ಸರಾ? ಮೊದಲು ಬಾಯಿಗೂ ಮೈಕಿಗೂ ಎಷ್ಟು ದೂರ ಅಂತ ಅಳೆಯಿರಿ

ನನ್ನ ತಂಗಿ ಮಕ್ಕಳ ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ. ಅವಳ ಮನೆ ಬೆಂಗಳೂರಿನಲ್ಲಿ, ಮೇನ್ ರೋಡಿನಿಂದ ಎರಡನೆಯದು. ಹತ್ತಡಿಗೆ ಹನ್ನೆರಡಡಿ ರೂಮು. ಬರೀ ಗೋಡೆ, ಟೈಲ್ಸ್ ನೆಲ, ಒಂದು ಕಬ್ಬಿಣದ ಬೀರು, ತಲೆ ಮೇಲೆ ಫ್ಯಾನು. ಮೈಕುಗಳಲ್ಲಿ ಎರಡು ಮುಖ್ಯ ಜಾತಿ, ಡೈನಮಿಕ್ ಮತ್ತು ಕಂಡೆನ್ಸರ್. ಕಳೆದ ವರ್ಷ ಅವಳು ಒಂದು ಕಂಡೆನ್ಸರ್ ಮೈಕ್ ಕೊಂಡಳು. ಮೊದಲ ಕಥೆ ರೆಕಾರ್ಡ್ ಮಾಡಿ, ಕೇಳಿ, ಬೇಜಾರಾಗಿ ನನಗೆ ಫೋನ್ ಮಾಡಿದಳು.

"ಅಣ್ಣಾ, ಪಕ್ಕದ ಮನೆ ಕುಕ್ಕರ್ ಸೀಟಿ ನನ್ನ ದನಿಗಿಂತ ಚೆನ್ನಾಗಿ ಕೇಳಿಸ್ತಿದೆ. ಇದನ್ನ ಮಾರಿ ಡೈನಮಿಕ್ ತಗೊಳ್ಳಲಾ? ಎಲ್ಲರೂ ಅದನ್ನೇ ಹೇಳ್ತಾರೆ."

ಹೌದು, ಎಲ್ಲರೂ ಅದನ್ನೇ ಹೇಳುತ್ತಾರೆ. ಗದ್ದಲದ ರೂಮಾ? ಡೈನಮಿಕ್ ತಗೊಳ್ಳಿ, ಅದು ಹಿಂದಿನ ಶಬ್ದ ಹಿಡಿಯಲ್ಲ. ಈ ಮಾತಿನ ಮೊದಲ ಅರ್ಧದ ಬಗ್ಗೆ ನನ್ನ ತಕರಾರಿಲ್ಲ. ಎರಡನೇ ಅರ್ಧ ತಪ್ಪು. ಆ ತಪ್ಪು ಕಾರಣವನ್ನು ನಂಬಿ ಮೈಕ್ ಬದಲಿಸಿದವರು ಮತ್ತೆ ಅದೇ ಸೀಟಿ, ಅದೇ ಫ್ಯಾನು ಕೇಳಿ ಕಂಗಾಲಾಗುವುದನ್ನು ನಾನು ಸುಮಾರು ಸಲ ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮುಂದಿನ ಭಾನುವಾರ ನನ್ನ ಡೈನಮಿಕ್ ಮೈಕ್ ತೆಗೆದುಕೊಂಡು ಅವಳ ಮನೆಗೆ ಹೋದೆ. ಎರಡೂ ಮೈಕನ್ನು ಅಕ್ಕಪಕ್ಕ ಇಟ್ಟು, ಅವಳ ಬಾಯಿಂದ 40 ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿದೆ. ಅವಳು ಕಂಡೆನ್ಸರನ್ನು ಇಟ್ಟುಕೊಂಡಿದ್ದ ದೂರವೇ ಅದು. ಲ್ಯಾಪ್‌ಟಾಪಿನ ಆಚೆ, ಮೇಜಿನ ಮೇಲೆ. ಎರಡರಲ್ಲೂ ಅವಳ ದನಿಯ ಮಟ್ಟ ಒಂದೇ ಆಗುವ ಹಾಗೆ ಗೇನ್, ಅಂದರೆ ಮೈಕಿನಿಂದ ಬಂದ ಸಿಗ್ನಲನ್ನು ಹಿಗ್ಗಿಸುವ ಗುಂಡಿ, ಹೊಂದಿಸಿದೆ. ಇಡೀ ಪರೀಕ್ಷೆಯ ಜೀವ ಇರುವುದು ಈ ಹೊಂದಿಸುವುದರಲ್ಲಿ. ಎರಡು ಸಾಲು ಓದು, ಆಮೇಲೆ ಹತ್ತು ಸೆಕೆಂಡು ಸುಮ್ನೆ ಕೂತುಕೋ ಅಂದೆ. ಫ್ಯಾನು ತಿರುಗುತ್ತಲೇ ಇತ್ತು, ರೋಡು ಅದರ ಪಾಡಿಗೆ ಅದಿತ್ತು.

ರೆಕಾರ್ಡಿಂಗ್ ಮೀಟರಿನಲ್ಲಿ ಸೊನ್ನೆಯೇ ಗರಿಷ್ಠ, ಮೈನಸ್ ಹೆಚ್ಚಿದಷ್ಟೂ ಸದ್ದು ಕಡಿಮೆ. ದನಿ ಎರಡರಲ್ಲೂ ಸುಮಾರು -20 ಡೆಸಿಬಲ್. ಸುಮ್ಮನಿದ್ದ ಹತ್ತು ಸೆಕೆಂಡಿನ ಗದ್ದಲ ಕಂಡೆನ್ಸರಿನಲ್ಲಿ ಸುಮಾರು -40, ಡೈನಮಿಕ್ಕಿನಲ್ಲಿ -41. ಒಂದು ಡೆಸಿಬಲ್ ವ್ಯತ್ಯಾಸ, ಅಷ್ಟೇ. ಕಿವಿಗೆ ಗೊತ್ತೂ ಆಗಲಿಲ್ಲ. ಆಮೇಲೆ ಅವಳ ಅದೇ ಕಂಡೆನ್ಸರನ್ನು ಬಾಯಿಗೆ ನಾಲ್ಕು ಬೆರಳಗಲ, ಅಂದರೆ ಸುಮಾರು 8 ಸೆಂಟಿಮೀಟರಿಗೆ ತಂದು, ಗೇನ್ ಇಳಿಸಿ ದನಿಯನ್ನು ಮತ್ತೆ -20ಕ್ಕೆ ತಂದೆ. ಗದ್ದಲ -53ಕ್ಕೆ ಇಳಿಯಿತು. ಮೈಕ್ ಅದೇ, ರೂಮ್ ಅದೇ, ಫ್ಯಾನು ಅದೇ.

ಇದರ ಲೆಕ್ಕ ಸುಲಭ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬಲ್ ಜೋರಾಗಿ ಬರುತ್ತದೆ. ದೂರ ಐದನೇ ಒಂದು ಭಾಗವಾದರೆ 14 ಡೆಸಿಬಲ್. ಆದರೆ ರೋಡಿನ ಸದ್ದು, ಗೋಡೆಗೆ ಬಡಿದು ವಾಪಸ್ ಬರುವ ಪ್ರತಿಧ್ವನಿ, ಇವು ರೂಮಿನಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಸಮ ತುಂಬಿರುತ್ತವೆ. ಮೈಕನ್ನು ಒಂದಡಿ ಆಚೀಚೆ ಸರಿಸಿದರೆ ಅವು ಬದಲಾಗಲ್ಲ. ಹತ್ತಿರ ಬಂದಾಗ ದನಿ ಮಾತ್ರ ಏರುತ್ತದೆ, ಗದ್ದಲ ಅಲ್ಲೇ ಉಳಿಯುತ್ತದೆ. ಈ ಲೆಕ್ಕದಲ್ಲಿ ಮೈಕಿನ ಜಾತಿ ಎಲ್ಲೂ ಬರುವುದಿಲ್ಲ, ಅಲ್ವಾ?

ಹಾಗಾದರೆ ಕಂಡೆನ್ಸರ್ ಎಲ್ಲವನ್ನೂ ಹಿಡಿಯುತ್ತದೆ ಅಂತ ಯಾಕೆ ಅನ್ನಿಸುತ್ತದೆ? ಅದರಿಂದ ಬರುವ ವೋಲ್ಟೇಜು ಜಾಸ್ತಿ, ಅದಕ್ಕೆ. ಒಂದು ಉದಾಹರಣೆ ನೋಡಿ. ಒಂದೇ ಜೋರಿನ ಶಬ್ದಕ್ಕೆ ಶೂರ್ ಎಸ್‌ಎಂ58 ಎಂಬ ಡೈನಮಿಕ್ ಸುಮಾರು 1.85 ಮಿಲಿವೋಲ್ಟ್ ಕೊಡುತ್ತದೆ. ಆಡಿಯೊ ಟೆಕ್ನಿಕಾ ಎಟಿ2020 ಎಂಬ ಕಂಡೆನ್ಸರ್ ಸುಮಾರು 14 ಮಿಲಿವೋಲ್ಟ್ ಕೊಡುತ್ತದೆ. ಏಳು ಪಟ್ಟಿಗೂ ಹೆಚ್ಚು. ಗೇನ್ ಗುಂಡಿಯನ್ನು ಒಂದೇ ಜಾಗದಲ್ಲಿ ಬಿಟ್ಟು ಎರಡನ್ನೂ ಹಾಕಿ ನೋಡಿದರೆ ಕಂಡೆನ್ಸರಿನಲ್ಲಿ ಫ್ಯಾನು ಜೋರಾಗಿ ಕೇಳುತ್ತದೆ, ನಿಜ. ಆದರೆ ದನಿಯೂ ಅಷ್ಟೇ ಪಟ್ಟು ಜೋರಾಗಿರುತ್ತದೆ. ಡೈನಮಿಕ್ಕಿನಲ್ಲಿ ದನಿ ಸಾಲದು ಅಂತ ಗೇನ್ ಏರಿಸಿದ ಕೂಡಲೇ ಫ್ಯಾನೂ ಜೊತೆಗೇ ಮೇಲೆ ಬರುತ್ತದೆ. ಗೇನ್ ಹೊಂದಿಸದೆ ಮಾಡಿದ ಹೋಲಿಕೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಸಾಕ್ಷಿ ನಮ್ಮ ಕಣ್ಣೆದುರೇ ಇದೆ. ಟಿವಿ ವರದಿಗಾರರು ಅಂಗಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಕಾಲರ್ ಮೈಕ್ ಇದೆಯಲ್ಲ, ಅದು ಕಂಡೆನ್ಸರ್ ಜಾತಿಯದೇ. ಮಾರ್ಕೆಟ್ ನಡುವೆ ನಿಂತು ಮಾತಾಡಿದರೂ ಮಾತು ಕೇಳುತ್ತದೆ. ಬಾಯಿಂದ ಒಂದು ಗೇಣಿಗಿಂತ ದೂರ ಇಲ್ಲ, ಅದೇ ಕಾರಣ. ಎಲೆಕ್ಟ್ರೋ-ವಾಯ್ಸ್ ಆರ್‌ಇ50 ಅಂತ ಸಂದರ್ಶನಕ್ಕೆ ಕೈಯಲ್ಲಿ ಹಿಡಿಯುವ ಮೈಕ್ ಇದೆ. ಅದು ಡೈನಮಿಕ್, ಆದರೆ ಸುತ್ತಲಿನ ಎಲ್ಲ ದಿಕ್ಕಿನ ಶಬ್ದವನ್ನೂ ಒಂದೇ ಸಮ ತೆಗೆದುಕೊಳ್ಳುತ್ತದೆ. ಆದರೂ ಬೀದಿಯಲ್ಲಿ ಕೆಲಸ ಮಾಡುತ್ತದೆ. ಬಾಯಿಯ ಹತ್ತಿರ ಹಿಡಿಯುತ್ತಾರೆ, ಅದಕ್ಕೆ.

ಇಷ್ಟೆಲ್ಲ ಹೇಳಿದ ಮೇಲೂ ಕಥೆ ಓದಲು ಡೈನಮಿಕ್ಕನ್ನೇ ತಗೋ ಅಂತ ತಂಗಿಗೆ ಹೇಳಿದೆ. ಅದಕ್ಕೆ ನನ್ನ ಕಾರಣ ಬೇರೆ. ಅವಳ ಕಂಡೆನ್ಸರ್ 8 ಸೆಂಟಿಮೀಟರಿನಲ್ಲಿ ಗದ್ದಲವನ್ನೇನೋ ಬಿಟ್ಟಿತು. ಆದರೆ ಬೇರೆಯದನ್ನೆಲ್ಲ ಹಿಡಿಯಿತು. ನಾಲಿಗೆ ಅಂಗುಳಿಗೆ ಅಂಟಿ ಬಿಡುವ ಚಿಟಿಚಿಟಿ ಸದ್ದು, ಪ್ರತಿ ಉಸಿರು, ಪ್ರತಿ 'ಸ'. ಕಂಡೆನ್ಸರಿನಲ್ಲಿ ಶಬ್ದಕ್ಕೆ ಅದುರುವ ಪೊರೆ ತುಂಬಾ ತೆಳು, ಅದಕ್ಕೆ ಸುರುಳಿಯ ಭಾರ ಇಲ್ಲ. ಸಣ್ಣ ಚೂಪು ಸದ್ದನ್ನೂ ಹಾಗೇ ಎತ್ತಿಕೊಳ್ಳುತ್ತದೆ. ಗಾಳಿ ತಾಗಿದರಂತೂ ಧಬ್ ಧಬ್ ಅನ್ನುತ್ತದೆ. ಡೈನಮಿಕ್ಕಿನ ಪೊರೆಗೆ ತಂತಿಯ ಸುರುಳಿ ಅಂಟಿಸಿರುತ್ತಾರೆ. ಅದು ಭಾರ, ಹಾಗಾಗಿ ಅಷ್ಟು ಚುರುಕಲ್ಲ. ಹಾಡುಗಾರರಿಗೆ ಅಂತ ಮಾಡಿದ ಮೈಕಿನಲ್ಲಿ ಮೇಲೆ ಜಾಲರಿ, ಒಳಗೆ ಸ್ಪಂಜು ಬೇರೆ ಇರುತ್ತದೆ. ಬಾಯಿಗೆ ಹತ್ತಿರ ಇಟ್ಟರೂ ಕಾಟ ಕೊಡದ ಮೈಕ್ ಅದು. ಡೈನಮಿಕ್ ಗದ್ದಲದ ರೂಮಿನಲ್ಲಿ ಗೆಲ್ಲುವುದು ಈ ಗುಣದಿಂದ. ಅದನ್ನೂ ಲ್ಯಾಪ್‌ಟಾಪಿನ ಆಚೆ ಇಟ್ಟು ಮಾತಾಡಿದರೆ ದುಡ್ಡು ದಂಡ.

ಹತ್ತಿರ ಬರುವುದಕ್ಕೂ ಒಂದಿಷ್ಟು ಬೆಲೆ ಕೊಡಬೇಕು. ಕನ್ನಡ ಓದುವವರಿಗೆ ಮೊದಲ ಕಷ್ಟ ಪ, ಫ, ಬ, ಭ. 'ಫಲ', 'ಭಯ' ಅಂದಾಗ ಬಾಯಿಂದ ಬರುವ ಗಾಳಿ ನೇರ ಮೈಕಿಗೆ ಬಡಿದು ಧಪ್ ಅನ್ನುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡಬೇಡಿ. ಬಾಯಿಯ ಅಂಚಿನ ಪಕ್ಕದಲ್ಲಿಟ್ಟು, ಅದರ ಮೂತಿ ಬಾಯಿಯ ಕಡೆ ಇರಲಿ. ಗಾಳಿ ಪಕ್ಕದಲ್ಲಿ ಹಾದು ಹೋಗುತ್ತದೆ, ದನಿ ಮಾತ್ರ ಸಿಗುತ್ತದೆ. ಎರಡನೆಯದು, ಒಂದೇ ದಿಕ್ಕಿನ ಮೈಕಿಗೆ ಹತ್ತಿರ ಬಂದಷ್ಟೂ ದನಿ ದಪ್ಪವಾಗುತ್ತದೆ. ಸುಮಾರು 80–100 ಹರ್ಟ್ಜ್‌ನಿಂದ ಕೆಳಗಿನದನ್ನು ಕತ್ತರಿಸಿದರೆ ಆ ಗುಡುಗು ಕಡಿಮೆಯಾಗುತ್ತದೆ. ಬಸ್ಸಿನ ಗುರ್ ಕೂಡ ಅದರ ಜೊತೆ ಒಂದಿಷ್ಟು ಹೋಗುತ್ತದೆ. ತಲೆ ಅಲ್ಲಾಡಿಸದೆ ಓದುವುದನ್ನೂ ರೂಢಿ ಮಾಡಿಕೊಳ್ಳಬೇಕು. 8 ಸೆಂಟಿಮೀಟರಿನಿಂದ 16ಕ್ಕೆ ಹೋದರೆ ದನಿ ಅರ್ಧಕ್ಕೆ ಬಿತ್ತು ಅಂತಲೇ ಲೆಕ್ಕ.

ಮೂರನೆಯದರ ಬಗ್ಗೆ ಅಂಗಡಿಯವರು ಹೇಳುವುದೇ ಇಲ್ಲ. ನನ್ನ ತಂಗಿಯದು ಮೆದು ದನಿ. ಅಷ್ಟು ಹತ್ತಿರದಲ್ಲೂ ಡೈನಮಿಕ್ ಅರ್ಧ ಮಿಲಿವೋಲ್ಟಿನ ಆಸುಪಾಸು ಕೊಡುತ್ತದೆ. ಅದನ್ನು ಮೇಲೆತ್ತಲು 50ರಿಂದ 60 ಡೆಸಿಬಲ್ ಗೇನ್ ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿಗೆ ಇಂಟರ್‌ಫೇಸ್ ಅನ್ನುತ್ತಾರೆ. ಕಡಿಮೆ ಬೆಲೆಯ ಕೆಲವು ಇಂಟರ್‌ಫೇಸ್‌ಗಳಲ್ಲಿ ಗುಂಡಿಯನ್ನು ಕೊನೆವರೆಗೆ ತಿರುಗಿಸಿದರೆ ಸ್‌ಸ್‌ಸ್ ಅಂತ ಸದ್ದು ಶುರುವಾಗುತ್ತದೆ. ಅದನ್ನೇ ಜನ ರೂಮಿನ ಗದ್ದಲ ಅಂದುಕೊಳ್ಳುತ್ತಾರೆ. ಗುರುತಿಸುವುದು ಹೀಗೆ: ರಾತ್ರಿ ಫ್ಯಾನು ನಿಲ್ಲಿಸಿ, ಮೈಕನ್ನು ದಪ್ಪ ರಗ್ಗಿನಲ್ಲಿ ಸುತ್ತಿ, ಗೇನ್ ಹಾಗೇ ಬಿಟ್ಟು ರೆಕಾರ್ಡ್ ಮಾಡಿ. ಆಗಲೂ ಸ್‌ಸ್‌ಸ್ ಅಷ್ಟೇ ಇದ್ದರೆ ಅದು ಡಬ್ಬಿಯದು, ರೂಮಿನದಲ್ಲ. ಆಗ ಹೆಚ್ಚು ಗೇನ್ ಕೊಡುವ ಒಳ್ಳೆ ಇಂಟರ್‌ಫೇಸ್ ಬೇಕು, ಇಲ್ಲವೇ ಯುಎಸ್‌ಬಿ ಇರುವ ಡೈನಮಿಕ್ ನೋಡಬಹುದು. ಸ್ಯಾಮ್ಸನ್ ಕ್ಯು2ಯು ಅಂಥದ್ದು, ಯುಎಸ್‌ಬಿ ಮತ್ತು ಇಂಟರ್‌ಫೇಸಿಗೆ ಹಾಕುವ ಎಕ್ಸ್‌ಎಲ್‌ಆರ್ ಎರಡೂ ಇದೆ.

ಫ್ಯಾನಿನ ವಿಷಯ ಹೇಳಲೇಬೇಕು. ನಮ್ಮ ಸೆಖೆಯಲ್ಲಿ ಫ್ಯಾನಿಲ್ಲದೆ ಗಂಟೆಗಟ್ಟಲೆ ಓದು ಅನ್ನುವುದು ಸುಲಭವಲ್ಲ. ಕಾರ್ಡಿಯಾಯ್ಡ್ ಅನ್ನುವ ಒಂದೇ ದಿಕ್ಕಿನ ಮೈಕ್ ತನ್ನ ಬೆನ್ನ ಹಿಂದಿನ ಶಬ್ದವನ್ನು ಅತಿ ಕಡಿಮೆ ತೆಗೆದುಕೊಳ್ಳುತ್ತದೆ. ಮೇಜಿನ ಸ್ಟ್ಯಾಂಡಿನಲ್ಲಿ ಇಟ್ಟ ಮೈಕ್ ಬಾಯಿಯ ಕಡೆ ಓರೆಯಾಗಿ ಮೇಲೆ ನೋಡುತ್ತಿರುತ್ತದೆ. ಅಂದರೆ ಅದರ ಮುಖ ಫ್ಯಾನಿನ ಕಡೆಗೇ ಇರುತ್ತದೆ. ಒಂದು ಬೂಮ್ ತೋಳು ಹಾಕಿ, ಮೈಕನ್ನು ಹಣೆಯ ಎತ್ತರದಿಂದ ಕೆಳಗೆ ಬಾಯಿಯ ಕಡೆ ಇಳಿಬಿಟ್ಟರೆ ಬೆನ್ನು ಚಾವಣಿಗೆ ಬರುತ್ತದೆ. ತಂಗಿಯ ರೂಮಿನಲ್ಲಿ ಇಷ್ಟಕ್ಕೇ ಫ್ಯಾನಿನ ಸರಸರ ಚೆನ್ನಾಗಿ ಇಳಿಯಿತು. ಪೂರ್ತಿ ಹೋಗಲಿಲ್ಲ. ಅದರ ಒಂದು ಪಾಲು ಗೋಡೆ, ನೆಲಕ್ಕೆ ಬಡಿದು ಮುಂದಿನಿಂದಲೂ ಬರುತ್ತದೆ. ಅವಳ ಹಿಂದಿನ ಬರೀ ಗೋಡೆಗೆ ಒಂದು ದಪ್ಪ ರಜಾಯಿ ಇಳಿಬಿಟ್ಟೆವು. ಮೈಕ್ ನೋಡುವುದು ಅವಳನ್ನು, ಅವಳ ಹಿಂದಿರುವುದು ಆ ಗೋಡೆ. ಹಾಗಾಗಿ ರಜಾಯಿಗೆ ಸರಿಯಾದ ಜಾಗ ಅದು. ರಜಾಯಿ ಪ್ರತಿಧ್ವನಿಗೆ ಮಾತ್ರ. ರೋಡಿನ ಸದ್ದನ್ನು ಅದು ತಡೆಯಲ್ಲ.

ಈಗ ಅವಳು ರಾತ್ರಿ ಹತ್ತರ ನಂತರ, ಫ್ಯಾನು ಎರಡರಲ್ಲಿಟ್ಟು, ಡೈನಮಿಕ್ಕಿನಲ್ಲಿ ಕಥೆ ಓದುತ್ತಾಳೆ. ಹಾರ್ನ್ ಬಿದ್ದರೆ ಆ ಸಾಲನ್ನು ಮತ್ತೆ ಓದುತ್ತಾಳೆ. ಶಬ್ದ ತೆಗೆಯುವ ಸಾಫ್ಟ್‌ವೇರನ್ನು ಸ್ವಲ್ಪವೇ ಬಳಸುತ್ತಾಳೆ. ಜಾಸ್ತಿ ಹಾಕಿದರೆ ದನಿ ನೀರೊಳಗಿಂದ ಬಂದ ಹಾಗೆ ಆಗುತ್ತದೆ ಅಂತ ಅವಳಿಗೇ ಗೊತ್ತಾಗಿದೆ.

ಕಂಡೆನ್ಸರನ್ನು ಮಾರಲು ನಾನು ಬಿಡಲಿಲ್ಲ. ನಮ್ಮಮ್ಮ ತಂಬೂರಿ ಹಿಡಿದು ದೇವರನಾಮ ಹಾಡುತ್ತಾರೆ. ತಂಬೂರಿಯ ಝೇಂಕಾರ, ಅಮ್ಮನ ದನಿ ಎರಡೂ ಒಂದೇ ಮೈಕಿಗೆ ಸಿಗಬೇಕಾದರೆ ಎರಡಡಿ ದೂರ ಬೇಕೇ ಬೇಕು. ಆ ದೂರಕ್ಕೆ ಡೈನಮಿಕ್ ಇಟ್ಟರೆ ಗೇನ್ ಏರಿಸಿ ಏರಿಸಿ ಸ್‌ಸ್‌ಸ್ ಬರುತ್ತದೆ, ತಂತಿಯ ಹೊಳಪೂ ಮಂಕಾಗುತ್ತದೆ. ಹಾಗಾಗಿ ಅಮ್ಮನ ಹಾಡಿಗೆ ಕಂಡೆನ್ಸರೇ. ಬೆಳಗಿನ ಜಾವ ನಾಲ್ಕೂವರೆಗೆ, ಬಸ್ಸು ಶುರುವಾಗುವ ಮೊದಲು, ಫ್ಯಾನು ಪೂರ್ತಿ ನಿಲ್ಲಿಸಿ, ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸಿ. ಹೋದ ವಾರ ಮೂರು ಹಾಡು ಆಯಿತು. ಫ್ರಿಜ್ ಮತ್ತೆ ಹಾಕುವುದನ್ನು ಮರೆಯದಿರಲಿ ಅಂತ ತಂಗಿ ತನ್ನ ಸ್ಕೂಟರ್ ಕೀಲಿಯನ್ನು ಅದರೊಳಗೇ ಇಟ್ಟಿರುತ್ತಾಳೆ.