ಹಿಟ್ನಾಳ ಟೋಲ್ ಯಾರದು?

ಗವಿಮಠದ ಜಾತ್ರೆಗೆಂದು ಊರಿಗೆ ಬಂದವನು ಕಾಕಾನನ್ನು ಕಾರಿನಲ್ಲಿ ಕೂರಿಸಿಕೊಂಡು ಕುಷ್ಟಗಿಯಿಂದ ಹೊಸಪೇಟೆಗೆ ಹೊರಟಿದ್ದೆ. ಹಿಟ್ನಾಳ ಟೋಲ್ ದಾಟುತ್ತಿದ್ದಂತೆ ಫಾಸ್ಟ್ಯಾಗ್ ಮೆಸೇಜು ಬಂತು. ಕಾಕಾ ಅಂದ: "ನಿಮ್ಮ ಹೈದರಾಬಾದಿನ ವಿಮಾನ ನಿಲ್ದಾಣನೂ ಜಿಎಂಆರ್‌ನವ್ರದ, ನಮ್ಮ ರೋಡೂ ಅವ್ರದ. ರೊಕ್ಕ ಎಲ್ಲಾ ಒಂದ ಕಡೆ ಹೋಗ್ತದ ನೋಡು." ವಿಮಾನ ನಿಲ್ದಾಣದ ಮಾತು ಸರಿ. ರಸ್ತೆಯನ್ನು ಜಿಎಂಆರ್ ಬಿಟ್ಟುಹೋಗಿ ವರ್ಷಗಳೇ ಆದವು. ದಿನವೂ ಈ ದಾರಿಯಲ್ಲಿ ಓಡಾಡುವ ಮನುಷ್ಯನಿಗೆ ಅದು ಗೊತ್ತಿಲ್ಲ, ಹೇಳಿದವರೂ ಯಾರಿಲ್ಲ. ಅದು ನನಗೆ ಚುಚ್ಚಿತು.

ಹೈದರಾಬಾದಿನಲ್ಲಿ ಹೀಗಿರಲಿಲ್ಲ. ಮೆಟ್ರೋ ಎಲ್ ಅಂಡ್ ಟಿಯವರದು ಎಂದು ಅಮೀರಪೇಟೆಯ ಆಟೋದವನಿಗೂ ಗೊತ್ತಿತ್ತು. 2025ರ ಮೇ ತಿಂಗಳಲ್ಲಿ ದರ ಏರಿದಾಗ ಜನ ಬೈದದ್ದು ಅದೇ ಹೆಸರನ್ನು. ಅದೇ ಸೆಪ್ಟೆಂಬರ್‌ನಲ್ಲಿ ಎಲ್ ಅಂಡ್ ಟಿ ಮೆಟ್ರೋ ಬಿಟ್ಟುಹೋಗುತ್ತದೆ ಎಂಬ ಸುದ್ದಿ ಬಂದಾಗ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನೂ ಆ ಬಗ್ಗೆ ಮಾತಾಡಿದ.

ನಮ್ಮ ಹುನಗುಂದ–ಹೊಸಪೇಟೆ ರಸ್ತೆಯ ಕತೆ ಕೇಳಿ. ಹಳೆಯ 13ನೇ ನಂಬರಿನ, ಈಗ 50ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಇದು ಸುಮಾರು 100 ಕಿಲೋಮೀಟರ್. 2010ರಲ್ಲಿ ಹೆದ್ದಾರಿ ಪ್ರಾಧಿಕಾರ ಇದನ್ನು ಚತುಷ್ಪಥ ಮಾಡಿ ಟೋಲ್ ವಸೂಲಿ ಮಾಡಿಕೊಳ್ಳಿ ಎಂದು 19 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಗುತ್ತಿಗೆ ಗೆದ್ದವರು ಜಿಎಂಆರ್ ಮತ್ತು ಓರಿಯೆಂಟಲ್ ಸ್ಟ್ರಕ್ಚರಲ್ ಎಂಜಿನಿಯರ್ಸ್. ಆದರೆ ಕರಾರು ಆದದ್ದು ಇವರಿಬ್ಬರೂ ಸೇರಿ ಇದೊಂದೇ ರಸ್ತೆಗಾಗಿ ಹುಟ್ಟಿಸಿದ ಹೊಸ ಕಂಪನಿಯ ಜೊತೆ, ಜಿಎಂಆರ್ ಒಎಸ್‌ಇ ಹುನಗುಂದ ಹೊಸ್ಪೇಟ್ ಹೈವೇಸ್ ಪ್ರೈವೇಟ್ ಲಿಮಿಟೆಡ್ ಎಂಬುದರ ಜೊತೆ. ಆಮೇಲೆ ಜಿಎಂಆರ್ ತನ್ನ ಪಾಲು ಮಾರಿ ಹೋಯಿತು, ಹೆಸರಿನಿಂದ ಆ ಮೂರಕ್ಷರವೂ ಹೋಯಿತು. 2019ರಲ್ಲಿ ಓರಿಯೆಂಟಲ್‌ನವರು ಈ ಕಂಪನಿಯನ್ನೂ ತಮ್ಮ ಬೇರೆ ನಾಲ್ಕು ರಸ್ತೆ ಕಂಪನಿಗಳನ್ನೂ, ಹಲವು ಹೂಡಿಕೆದಾರರ ಹಣ ಕೂಡಿಸಿ ರಸ್ತೆಗಳ ಒಡೆತನ ಹಿಡಿಯುವ ಓರಿಯೆಂಟಲ್ ಇನ್‌ಫ್ರಾಟ್ರಸ್ಟ್ ಎಂಬ ಟ್ರಸ್ಟಿಗೆ ಒಪ್ಪಿಸಿದರು. ಅಂದರೆ ಕರಾರಿಗೆ ಸಹಿ ಹಾಕಿದ ಕಂಪನಿ ಮೊದಲಿಂದ ಇವತ್ತಿನವರೆಗೂ ಅದೇ, ಅದರ ಹಿಂದೆ ನಿಂತವರು ಮಾತ್ರ ಬದಲಾಗುತ್ತ ಬಂದರು.

ಕಾಕಾನಿಗೆ ಇದನ್ನು ಹೇಳಿದರೆ ತಟ್ಟನೆ ಹಿಡಿದ. "ಅಂದ್ರ ಹೊಲ ಸರಕಾರದ್ದು, ಲಾವಣಿ ಹಿಡ್ದವ ಅವನ ಅದಾನ, ಲಾವಣಿಯವನ ಹಿಂದಿನ ಸಾವುಕಾರ ಬ್ಯಾರೆ ಆದ." ಹೌದು, ಅಷ್ಟೇ.

ಒಂದು ರಸ್ತೆಗೆ ಒಂದು ಕಂಪನಿ ಹುಟ್ಟಿಸುವುದು ಸಾಲದ ಸಲುವಾಗಿ. ಬ್ಯಾಂಕು ಸಾಲ ಕೊಡುವುದು ಈ ಸಣ್ಣ ಕಂಪನಿಗೆ, ಅದಕ್ಕಿರುವ ಆಧಾರ ಟೋಲಿನ ಆದಾಯ ಒಂದೇ. ರಸ್ತೆ ಸೋತರೆ ಬ್ಯಾಂಕಿನವರು ಮೂಲ ಕಂಪನಿಯ ಬೇರೆ ಆಸ್ತಿಗೆ ಕೈ ಹಾಕುವಂತಿಲ್ಲ. ಮೂಲ ಕಂಪನಿ ಕಳೆದುಕೊಳ್ಳುವುದು ತಾನು ಹಾಕಿದ ಬಂಡವಾಳ ಮಾತ್ರ, ಬೇರೆಯಾಗಿ ಗ್ಯಾರಂಟಿ ಬರೆದುಕೊಟ್ಟಿದ್ದರೆ ಅಷ್ಟರ ಮಟ್ಟಿಗೆ ಅದೂ. ಬ್ಯಾಂಕಿನವರೂ ಬೇರೆ ದಾರಿಯಲ್ಲಿ ಕಾವಲು ಕೂತಿರುತ್ತಾರೆ. ಹಿಟ್ನಾಳದಲ್ಲಿ ನಾವು ಕೊಟ್ಟಂಥ ಹಣ ನೇರ ಮಾಲೀಕರ ಜೇಬಿಗೆ ಬೀಳುವುದಿಲ್ಲ. ಎಸ್ಕ್ರೊ ಎಂಬ ಖಾತೆಗೆ ಹೋಗಿ ಅಲ್ಲಿಂದ ಸರದಿಯಂತೆ ಹರಿಯುತ್ತದೆ: ಮೊದಲು ತೆರಿಗೆ, ಆಮೇಲೆ ರಸ್ತೆಯ ನಿರ್ವಹಣೆ, ಪ್ರಾಧಿಕಾರಕ್ಕೆ ಕೊಡಬೇಕಾದದ್ದು, ಬಡ್ಡಿ ಮತ್ತು ಅಸಲಿನ ಕಂತು, ಮುಂದಿನ ಡಾಂಬರಿಗೆ ಎತ್ತಿಡುವ ಹಣ. ಇಷ್ಟಾಗಿ ಮಿಕ್ಕರೆ ಮಾಲೀಕರಿಗೆ. ಕಂತು ತಪ್ಪಿದರೆ ಈ ಕಂಪನಿಯನ್ನು ಸರಿಸಿ ಬೇರೆಯವರನ್ನು ತಂದು ಕೂರಿಸುವ ಹಕ್ಕನ್ನೂ ಬ್ಯಾಂಕುಗಳು ಬರೆಸಿಕೊಂಡಿರುತ್ತವೆ.

ನಮ್ಮ ಕಡೆಯವರಿಗೆ ಆದಾಯ ಹೇಗೆ ಬೀಳುತ್ತದೆ ಎಂದು ಹೇಳಿಕೊಡಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಲ್ಲಿಸಿದಾಗ ಅದಿರು ಲಾರಿಗಳ ಸಾಲು ಹೇಗೆ ಕರಗಿತೆಂದು ಕಣ್ಣಾರೆ ಕಂಡವರು ನಾವು. ಲಾರಿ ಲೆಕ್ಕ ಹಾಕಿ ಕರಾರು ಮಾಡಿಕೊಂಡ ಯಾವ ರಸ್ತೆಗೂ ಇಂಥದ್ದು ಬರಬಹುದು. ಬಂದಾಗ ಮೊದಲು ಒಣಗುವುದು ಮಾಲೀಕರ ಪಾಲು. ಆಮೇಲೆ ಕೆಲವೊಮ್ಮೆ ಹೊಸ ಡಾಂಬರು ಹಾಕುವ ವರ್ಷ ಮುಂದಕ್ಕೆ ಹೋಗುತ್ತದೆ. ಲಾರಿ ಓಡುವ ಎಡ ಲೇನಿನಲ್ಲಿ ಗಾಲಿ ಗುಂಡಿಗಳು ಉದ್ದಕ್ಕೆ ಆಳವಾಗುತ್ತ ಹೋದರೆ, ಸರ್ವಿಸ್ ರಸ್ತೆಯ ದೀಪಗಳು ಆರಿದವು ಆರಿಯೇ ಇದ್ದರೆ, ಒಳಗೆ ಹಣ ಬಿಗಿಯಾಗಿರಬಹುದು ಎಂದು ಅನುಮಾನ ಪಡಿ.

ದರದ ವಿಷಯದಲ್ಲಿ ಮಾಲೀಕ ಯಾರಾದರೂ ಒಂದೇ. 2008ರ ಶುಲ್ಕ ನಿಯಮದ ಪ್ರಕಾರ ಪ್ರತಿ ಏಪ್ರಿಲ್ 1ಕ್ಕೆ 3% ಏರಿಕೆ ಖಚಿತ, ಅದರ ಮೇಲೆ ಸಗಟು ಬೆಲೆ ಏರಿಕೆಯ 40% ಸೇರುತ್ತದೆ. ಸಗಟು ಬೆಲೆ 5% ಏರಿದ ವರ್ಷ ಟೋಲೂ ಸುಮಾರು 5% ಏರುತ್ತದೆ. ಬೂತಿನ ಹುಡುಗನ ಜೊತೆ ಜಗಳ ಆಡಿ ಪ್ರಯೋಜನವಿಲ್ಲ. ಗುಂಡಿ, ದೀಪ, ಆಂಬ್ಯುಲೆನ್ಸ್ ಬೇರೆ ಮಾತು. ಅವಕ್ಕೆ ಹೊಣೆ ಕರಾರುದಾರ ಕಂಪನಿ, ದೂರು ಕೊಡಲು 1033 ಇದೆ.

ನನ್ನ ಸಿಟ್ಟು ಇರುವುದು ಇಲ್ಲಿ. ಕರಾರುದಾರ ಯಾರು ಎಂದು ಬೋರ್ಡಿನಲ್ಲಿ ಓದಿ ತಿಳಿದರೂ, ಅದರ ಹಿಂದೆ ಯಾರಿದ್ದಾರೆ ಎಂದು ರೈತನೊಬ್ಬ ತಿಳಿಯುವುದು ಹೇಗೆ? ಕಂಪನಿ ವ್ಯವಹಾರ ಸಚಿವಾಲಯದ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ನಿರ್ದೇಶಕರು ಯಾರು, ಯಾವ ಬ್ಯಾಂಕಿಗೆ ಆಸ್ತಿ ಒತ್ತೆಯಿದೆ ಎಂದು ಬರುತ್ತದೆ. ಸಣ್ಣ ಶುಲ್ಕ ಕಟ್ಟಿದರೆ ವರ್ಷದ ಲೆಕ್ಕಪತ್ರವೂ ಸಿಗುತ್ತದೆ. ಎಲ್ಲ ಇಂಗ್ಲಿಷಿನಲ್ಲಿ. ಹೈದರಾಬಾದಿನ ಜನ ಇಷ್ಟೆಲ್ಲ ಹುಡುಕಬೇಕಾಗಿರಲಿಲ್ಲ. ಅಲ್ಲಿಯೂ ಕರಾರುದಾರ ಎಲ್ ಅಂಡ್ ಟಿ ಮೆಟ್ರೋ ರೈಲ್ (ಹೈದರಾಬಾದ್) ಲಿಮಿಟೆಡ್ ಎಂಬ ಬೇರೆ ಕಂಪನಿಯೇ ಆಗಿತ್ತು, ರೈಲು ಓಡಿಸುತ್ತಿದ್ದದ್ದು ಫ್ರೆಂಚ್ ಮೂಲದ ಕಿಯೋಲಿಸ್. ಆದರೂ ಮೂಲ ಕಂಪನಿ ತನ್ನ ಹೆಸರನ್ನು ಮುಂದಿಟ್ಟಿತು. ಕೋವಿಡ್ ಹೊಡೆತದ ಮೇಲೆ, 2021ರ ಕೊನೆಗೆ ಸಾಲವನ್ನು ಕಡಿಮೆ ಬಡ್ಡಿಗೆ ಬದಲಿಸಿಕೊಳ್ಳುವಾಗ ತಾನೇ ಗ್ಯಾರಂಟಿಯನ್ನೂ ಕೊಟ್ಟಿತು. ಹಿಂದಿರುವವರು ಮುಖ ತೋರಿಸಿ ನಿಲ್ಲುವುದು ಅಂದರೆ ಇದು. ನಮ್ಮ ಕೊಪ್ಪಳದವರಿಗೆ ಆ ಮರ್ಯಾದೆ ಏಕಿಲ್ಲ?

ಹೀಗೆ ಬರೆದ ಮೇಲೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ, ಮನಸ್ಸಿಲ್ಲದಿದ್ದರೂ. ಹೈದರಾಬಾದಿನ ಆ ದೊಡ್ಡ ಹೆಸರು ಕೊನೆಗೆ ಹೊರಗೆ ಹೋಗಲು ಹೊರಟಾಗ ಸಾಲ ಯಾರ ತಲೆಗೆ ಬಂತು? ಸುಮಾರು 13,000 ಕೋಟಿ ರೂಪಾಯಿ ಸಾಲವನ್ನು ತಾನು ಹೊರುವುದಾಗಿಯೂ, ಬಂಡವಾಳದ ಬಾಬ್ತು ಸುಮಾರು 2,000 ಕೋಟಿ ಕೊಡುವುದಾಗಿಯೂ ತೆಲಂಗಾಣ ಸರ್ಕಾರ ಒಪ್ಪಿತು. ನಾನು ಅಲ್ಲಿ ತೆರಿಗೆ ಕಟ್ಟುವವನು, ಅದರಲ್ಲಿ ನನ್ನ ಪಾಲೂ ಇದೆ. ಇತ್ತ ನಮ್ಮ ರಸ್ತೆಯಲ್ಲಿ ಜಿಎಂಆರ್ ಹೋದಾಗ ಸರ್ಕಾರ ಅದರ ಪಾಲನ್ನು ಕೊಳ್ಳಬೇಕಾಗಲಿಲ್ಲ. ಪಾಲು ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು, ಕರಾರು, ಟೋಲು, ನಿರ್ವಹಣೆಯ ಹೊಣೆ ಇದ್ದಲ್ಲೇ ಉಳಿದವು. ಕಾಮಗಾರಿ ಮುಗಿದು ಎರಡು ವರ್ಷವಾದ ಮೇಲೆ ಮೂಲ ಕಂಪನಿ ಪೂರ್ತಿ ಪಾಲು ಮಾರಬಹುದು ಎಂದು ಕೇಂದ್ರ 2015ರಲ್ಲಿ ಅವಕಾಶ ಕೊಟ್ಟದ್ದೂ ಇದಕ್ಕೇ: ಕಟ್ಟುವವರ ಹಣ ಬಿಡುಗಡೆಯಾಗಲಿ, ಪಿಂಚಣಿ ನಿಧಿಯಂಥ ತಾಳ್ಮೆಯ ಹೂಡಿಕೆದಾರರು ಒಳಗೆ ಬರಲಿ ಎಂದು. ಟ್ರಸ್ಟು ತನ್ನ ಕೈಗೆ ಬರುವ ಹಂಚಬಹುದಾದ ಹಣದಲ್ಲಿ 90% ಹೂಡಿಕೆದಾರರಿಗೆ ಹಂಚಲೇಬೇಕು ಎಂಬ ಸೆಬಿ ನಿಯಮವೂ ಇದೆ, ಹಾಗಾಗಿ ಟ್ರಸ್ಟಿಗೆ ಟೋಲ್ ನಿಲ್ಲದೆ ಬರಬೇಕು, ಅದಕ್ಕೆ ರಸ್ತೆ ಚೆನ್ನಾಗಿರಬೇಕು.

ಮುಖ ಕಾಣದಿರುವುದರಲ್ಲೂ ಒಂದು ಅನುಕೂಲವಿದೆ ಎಂದಾಯಿತು. ಇರಲಿ. ಆದರೂ ಹಿಟ್ನಾಳದ ಬೋರ್ಡಿನಲ್ಲಿ ಕರಾರುದಾರನ ಹೆಸರಿನ ಕೆಳಗೆ ಟ್ರಸ್ಟಿನ ಹೆಸರನ್ನೂ ಕನ್ನಡದಲ್ಲಿ ಬರೆಯಬೇಕು, ಪಾಲು ಕೈ ಬದಲಾದ ತಿಂಗಳಲ್ಲೇ ಆ ಸಾಲನ್ನು ತಿದ್ದಬೇಕು. ಪ್ರಾಧಿಕಾರ ಮನಸ್ಸು ಮಾಡಿದರೆ ಬಣ್ಣ ಬಳಿಯುವವನೊಬ್ಬನ ಒಂದು ದಿನದ ಕೂಲಿ.