ಮಾರ್ಚ್ 12: ದೊಡ್ಡ ಗಂಡಾಂತರ ತಪ್ಪಿತು!!

ಸ್ವಮೌಲ್ಯಮಾಪನದ ಫಾರಂ ತುಂಬಲು ನಮ್ಮ ಕಚೇರಿಯಲ್ಲಿ ಎರಡು ವಾರ ಕಾಲಾವಕಾಶ ಕೊಡುತ್ತಾರೆ. ಅದನ್ನು ನಾನು ತೆರೆಯುತ್ತಿದ್ದುದು ಹದಿನಾಲ್ಕನೆಯ ದಿನ ರಾತ್ರಿ ಒಂಬತ್ತಕ್ಕೆ. ‘ಈ ವರ್ಷದ ನಿಮ್ಮ ಪ್ರಮುಖ ಸಾಧನೆಗಳು’ ಎಂದು ಮೇಲೆ, ‘2000 ಅಕ್ಷರಗಳು ಬಾಕಿ’ ಎಂದು ಕೆಳಗೆ, ನಡುವೆ ಬಿಳಿಯ ಚೌಕ. ಹತ್ತು ಗಂಟೆಗೆ ನೋಡಿದರೂ ಎರಡು ಸಾವಿರವೂ ಹಾಗೆಯೇ ಬಾಕಿ.

ಮೊದಲ ಸಲ ಇಮೇಲಿಗೆ ಮೊರೆಹೋದೆ. ನನ್ನನ್ನು ಯಾರಾದರೂ ಹೊಗಳಿದ್ದರೆ ಸಿಗಲಿ ಎಂದು ‘ಧನ್ಯವಾದ’ ಎಂದು ಹುಡುಕಿದೆ. ಸಿಕ್ಕವು ನಾಲ್ಕು ನೂರಕ್ಕೂ ಹೆಚ್ಚು. ಬಹುಪಾಲು ನಾನೇ ಬೇರೆಯವರಿಗೆ ಹೇಳಿದ್ದು, ಅದರಲ್ಲೂ ರಜೆ ಮಂಜೂರಾದುದಕ್ಕೆ. ಕ್ಯಾಲೆಂಡರ್ ತೆರೆದರೆ ಮೀಟಿಂಗುಗಳ ಸಾಲು. ಎಷ್ಟು ಹೊತ್ತು ಕುಳಿತಿದ್ದೆ ಎಂದು ಗೊತ್ತಾಯಿತೇ ಹೊರತು ಕುಳಿತು ಏನು ಮಾಡಿದೆ ಎಂದಲ್ಲ. ಕೊನೆಗೆ ನೆನಪಿಗೆ ಬಂದ ಎರಡು ತಿಂಗಳ ಕೆಲಸವನ್ನು ಹಿಗ್ಗಿಸಿ ಬರೆದೆ. ಓದಿದವರಿಗೆ ನಾನು ವರ್ಷದ ಮೊದಲ ಹತ್ತು ತಿಂಗಳು ದೀರ್ಘ ನಿದ್ರೆಯಲ್ಲಿದ್ದು ನವೆಂಬರಿನಲ್ಲಿ ಎದ್ದವನಂತೆ ಕಂಡಿರಬೇಕು. ಮ್ಯಾನೇಜರುಗಳು ಇತ್ತೀಚಿನದನ್ನಷ್ಟೇ ನೆನಪಿಟ್ಟು ಅಂಕ ಕೊಡುತ್ತಾರೆ ಎಂದು ನಾವೆಲ್ಲ ಗೊಣಗುತ್ತೇವೆ. ನನ್ನ ವಿಷಯದಲ್ಲಿ ಆ ಪಾಪವನ್ನು ಅವರಿಗಿಂತ ಮೊದಲು ನಾನೇ ಮಾಡಿದ್ದೆ.

ಮರುವರ್ಷ ಹೊಸ ನೋಟ್‌ಪುಸ್ತಕ ಬಂತು. ಮಾಡಿದ್ದನ್ನು ಆಗಾಗ ಬರೆದಿಡುವ ಪಣ ತೊಟ್ಟೆ. ಆಶ್ಚರ್ಯವೆಂದರೆ, ಬರೆದೂ ಬರೆದೆ. ಡಿಸೆಂಬರಿನಲ್ಲಿ ಠೀವಿಯಿಂದ ಪುಸ್ತಕ ಬಿಚ್ಚಿದರೆ ಮೊದಲಿಗೇ ಕಂಡ ಸಾಲು: ‘ಮಾರ್ಚ್ 12: ದೊಡ್ಡ ಗಂಡಾಂತರ ತಪ್ಪಿತು!!’

ಯಾವ ಗಂಡಾಂತರ? ಯಾರಿಗೆ? ತಪ್ಪಿಸಿದವನು ನಾನೇ, ಅಥವಾ ಅದು ತಾನಾಗಿಯೇ ತಪ್ಪಿತೇ? ಎರಡು ಆಶ್ಚರ್ಯಸೂಚಕಗಳನ್ನು ಅಷ್ಟು ಒತ್ತಿ ಬರೆದಿದ್ದೆ, ಹಿಂದಿನ ಪುಟಕ್ಕೂ ಅಚ್ಚು ಮೂಡಿತ್ತು. ವಿಷಯ ಮಾತ್ರ ಎಲ್ಲಿಯೂ ಮೂಡಿರಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ಮಾರ್ಚಿನಲ್ಲಿ ಒಂದು ದಿನ ಲಿಫ್ಟ್ ಕೆಟ್ಟು ನಿಂತಿತ್ತು. ನೀವು ಅದರೊಳಗೆ ಇರಲಿಲ್ಲ. ಅದೇ ಇರಬಹುದು’ ಎಂದರು. ಅದನ್ನು ಸಾಧನೆಯ ಪಟ್ಟಿಗೆ ಸೇರಿಸಲು ಮನಸ್ಸು ಒಪ್ಪಲಿಲ್ಲ. ನಿಜ ಸಂಗತಿ ತಿಳಿದದ್ದು ಫೆಬ್ರವರಿಯಲ್ಲಿ, ಬೇರೇನನ್ನೋ ಹುಡುಕುವಾಗ. ಒಬ್ಬ ಸರಬರಾಜುದಾರರ ಬಿಲ್ ಎರಡು ಬೇರೆ ಬೇರೆ ಸಂಖ್ಯೆಗಳಲ್ಲಿ ಬಂದು ಎರಡು ಸಲ ಪಾವತಿಯಾಗುವುದರಲ್ಲಿತ್ತು. ಅದನ್ನು ಹಿಡಿದವನು ನಾನು. ಫಾರಂ ಮುಚ್ಚಿ ಅಷ್ಟು ಹೊತ್ತಿಗೆ ಒಂದು ತಿಂಗಳಾಗಿತ್ತು.

ಅದೇ ವರ್ಷದ ಇನ್ನೊಂದು ಸಾಲು: ‘ತಿಂಗಳ ವರದಿಯ ಕೆಲಸ ಸುಲಭ ಮಾಡಿದೆ.’ ಇದಕ್ಕೆ ಅರ್ಥವಾದರೂ ಇತ್ತು. ಫಾರಮಿನಲ್ಲಿ ಹಾಗೆಯೇ ಇಳಿಸಿದೆ. ಮ್ಯಾನೇಜರ್ ಓದಿ ಕೇಳಿದರು:

‘ಎಷ್ಟು ಸುಲಭವಾಯಿತು?’

‘ತುಂಬಾ ಸರ್.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ಕೆಟ್ಟ ಸೂಚನೆ. ‘ನೋಡಿ, ನಾನೊಬ್ಬನೇ ರೇಟಿಂಗ್ ಕೊಟ್ಟರೆ ಮುಗಿಯುವುದಿಲ್ಲ. ಆಮೇಲೆ ಎಲ್ಲ ಮ್ಯಾನೇಜರುಗಳನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಎಲ್ಲರ ರೇಟಿಂಗುಗಳನ್ನೂ ಪಕ್ಕಪಕ್ಕ ಇಟ್ಟು ತೂಗುತ್ತಾರೆ. ಒಬ್ಬೊಬ್ಬರ ಬಗ್ಗೆ ಮಾತನಾಡಲು ಸಿಗುವುದು ಎರಡು ಮೂರು ನಿಮಿಷ. ಅಲ್ಲಿ ನೀವು ಇರುವುದಿಲ್ಲ. ನಾನು “ತುಂಬಾ” ಎಂದರೆ ಪಕ್ಕದವರು ತಮ್ಮ ಹುಡುಗ “ತುಂಬಾ ತುಂಬಾ” ಎನ್ನುತ್ತಾರೆ. ಆಗ ನಾನೇನು ಮಾಡಲಿ?’

ಅಲ್ಲಿಯವರೆಗೆ ಆ ಫಾರಂ ಮ್ಯಾನೇಜರಿಗೆ ಬರೆಯುವ ಪತ್ರ ಎಂದುಕೊಂಡಿದ್ದೆ. ಅದು ವಕೀಲರಿಗೆ ಕೊಡುವ ಕಾಗದಪತ್ರ. ನನ್ನ ಪರವಾಗಿ ವಾದಿಸುವವರ ಕೈಗೆ ‘ತುಂಬಾ’ ಎಂಬ ಒಂದೇ ಪದ ಕೊಟ್ಟು ನ್ಯಾಯಾಲಯಕ್ಕೆ ಅಟ್ಟುತ್ತಿದ್ದೆ.

ಸರಿ, ಲೆಕ್ಕ ಕೊಡೋಣವೆಂದು ಹೊರಟೆ. ಈಗ ವರದಿಗೆ ಮೂರು ಗಂಟೆ ಹಿಡಿಯುತ್ತದೆ, ಅದು ಗೊತ್ತು. ಮೊದಲು ಎಷ್ಟು ಹಿಡಿಯುತ್ತಿತ್ತು? ಯಾರೂ ಗಡಿಯಾರ ನೋಡಿರಲಿಲ್ಲ. ಹಳೆಯ ದಾಖಲೆಗಳನ್ನು ನಮ್ಮ ವ್ಯವಸ್ಥೆ ತೊಂಬತ್ತು ದಿನಕ್ಕೇ ಅಳಿಸಿಹಾಕುತ್ತದೆ. ಹಳೆಯ ಪದ್ಧತಿಯನ್ನೋ ನಾನೇ ಉತ್ಸಾಹದಿಂದ ಬುಡಸಮೇತ ಕಿತ್ತುಹಾಕಿದ್ದೆ. ಕೆಲಸ ಮುಗಿದ ಮೇಲೆ ‘ಈಗ ಎಷ್ಟು’ ಎಂಬುದು ಯಾವಾಗ ಬೇಕಾದರೂ ಸಿಗುತ್ತದೆ. ‘ಮೊದಲು ಎಷ್ಟು’ ಎಂಬುದು ಕೆಲಸಕ್ಕೆ ಕೈಹಾಕುವ ಮುನ್ನಾದಿನ ಮಾತ್ರ ಸಿಗುವ ವಸ್ತು.

ಹೀಗಾಗಿ ಮೂರನೆಯ ವರ್ಷ ಪ್ರತಿ ಶುಕ್ರವಾರ ಸಂಜೆ ನಾಲ್ಕೂವರೆಗೆ ಹತ್ತು ನಿಮಿಷ. ಆ ವಾರದ ಕ್ಯಾಲೆಂಡರನ್ನು ಎದುರಿಗೆ ಇಟ್ಟುಕೊಂಡೇ ಬರೆಯುತ್ತೇನೆ. ವರ್ಷದ ಹಿಂದಿನ ಮೀಟಿಂಗ್ ನೋಡಿದರೆ ಏನೂ ಹೊಳೆಯದಿದ್ದರೂ ಸೋಮವಾರದ್ದು ಶುಕ್ರವಾರಕ್ಕೆ ಹೊಳೆಯುತ್ತದೆ. ಮೊದಲು ಹೇಗಿತ್ತು, ನಾನೇನು ಮಾಡಿದೆ, ಈಗ ಹೇಗಿದೆ, ಸಾಕ್ಷಿ ಎಲ್ಲಿದೆ: ಇಷ್ಟೇ. ಮಾರ್ಚ್ 12ರ ಗಂಡಾಂತರವನ್ನು ಈ ರೀತಿಯಲ್ಲಿ ಬರೆದಿದ್ದರೆ ಹೀಗಿರುತ್ತಿತ್ತು: ‘ಬಿಲ್ ಸಂಖ್ಯೆಯನ್ನು ಮಾತ್ರ ಹೋಲಿಸುತ್ತಿದ್ದುದರಿಂದ, ಸಂಖ್ಯೆ ಬದಲಾದ ಒಂದೇ ಬಿಲ್ ಎರಡು ಸಲ ಪಾಸಾಗುತ್ತಿತ್ತು. ಮೊತ್ತ ಮತ್ತು ದಿನಾಂಕವನ್ನೂ ಹೋಲಿಸುವ ಪರೀಕ್ಷೆ ಸೇರಿಸಿದೆ. ಒಂದು ಪಾವತಿ ತಡೆಯಲಾಯಿತು. ಲೆಕ್ಕ ವಿಭಾಗದ ಅದೇ ದಿನದ ಇಮೇಲ್ ಇದೆ.’ ಗಂಡಾಂತರ ಎಂಬ ಪದವೂ ಇಲ್ಲ, ಆಶ್ಚರ್ಯಸೂಚಕವೂ ಇಲ್ಲ. ಓದಿದವರು ಬೇಕಿದ್ದರೆ ತಾವೇ ಬೆಚ್ಚಿಬೀಳಲಿ.

ಇದರಲ್ಲೂ ಎಡವಟ್ಟು ಮಾಡದೆ ಇರಲಿಲ್ಲ. ಮೊದಲ ವಾರಗಳಲ್ಲಿ ಪ್ರಿಂಟರಿಗೆ ಕಾಗದ ತುಂಬಿದ್ದನ್ನೂ ದಾಖಲಿಸಿದೆ. ‘ಈಗ ಹೇಗಿದೆ: ತುಂಬಿದೆ.’ ಇದನ್ನು ಜರಡಿ ಹಿಡಿಯಲು ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಕುಳಿತು ಓದಬೇಕಾಯಿತು. ಹಾಗೆ ಓದುವಾಗ ಇನ್ನೊಂದು ಸಂಗತಿ ಕಂಡಿತು. ಕೆಲಸದ ಫಲ ಅದೇ ವಾರ ಬರುವುದಿಲ್ಲ. ಜನವರಿಯಲ್ಲಿ ಸೇರಿಸಿದ ಪರೀಕ್ಷೆ ನಿಜವಾಗಿ ಹಿಡಿಯಬೇಕಾದದ್ದನ್ನು ಹಿಡಿಯುವುದು ಏಪ್ರಿಲಿನಲ್ಲಿ. ಆದ್ದರಿಂದ ಹಳೆಯ ಸಾಲುಗಳ ಕೆಳಗೆ ಒಂದಿಷ್ಟು ಜಾಗ ಬಿಡುತ್ತೇನೆ. ಕೆಲವದರ ಕೆಳಗೆ ‘ಏನೂ ಆಗಲಿಲ್ಲ’ ಎಂದು ಸೇರಿಸಬೇಕಾಗುತ್ತದೆ. ಅದಕ್ಕೂ ಬೆಲೆಯಿದೆ. ಫಾರಮಿನಲ್ಲಿ ‘ಸುಧಾರಿಸಿಕೊಳ್ಳಬೇಕಾದ ಅಂಶಗಳು’ ಎಂಬ ಚೌಕವೂ ಇದೆಯಲ್ಲ. ಮೊದಲೆರಡು ವರ್ಷ ಅಲ್ಲಿ ‘ಕೆಲಸದಲ್ಲಿ ಅತಿಯಾಗಿ ತೊಡಗಿಕೊಳ್ಳುತ್ತೇನೆ’ ಎಂದು ಬರೆದಿದ್ದೆ. ಅದನ್ನು ಓದಿ ಮ್ಯಾನೇಜರ್ ಎಷ್ಟು ನಕ್ಕಿದ್ದರೋ.

ಈ ಸಲ ಕೊನೆಯ ದಿನಕ್ಕಿಂತ ಹತ್ತು ದಿನ ಮೊದಲೇ ಫಾರಂ ಸಲ್ಲಿಸಿದೆ. ಒಪ್ಪಿಕೊಳ್ಳುತ್ತೇನೆ, ಆಮೇಲೆ ಕೆಲಸವಿಲ್ಲದಿದ್ದರೂ ಎಲ್ಲರ ಮೇಜಿನ ಬಳಿ ಸುಳಿದಾಡಿ ‘ನಿಮ್ಮದಾಯಿತೇ?’ ಎಂದು ವಿಚಾರಿಸಿದೆ. ಇದು ಸಜ್ಜನರ ಲಕ್ಷಣವಲ್ಲ.

ಹದಿನಾಲ್ಕನೆಯ ದಿನ ಸಂಜೆ ಮ್ಯಾನೇಜರ್ ತಾವೇ ನನ್ನ ಮೇಜಿಗೆ ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: ‘ನನ್ನ ಫಾರಮಿಗೂ ಇಂದೇ ಕೊನೆಯ ದಿನ. ನಿಮ್ಮ ಆ ಪುಸ್ತಕದಲ್ಲಿ ಈ ವರ್ಷ ನಾನೇನು ಮಾಡಿದೆ ಎಂದು ಎಲ್ಲಾದರೂ ಇದೆಯೇ?’

ಪುಟ ತಿರುವಿ ಹುಡುಕಿದೆ. ಅವರ ಹೆಸರು ಮೂರು ಕಡೆ ಇತ್ತು. ಎರಡು ಕಡೆ ಮೀಟಿಂಗ್ ಮುಂದೂಡಿದ್ದರು. ಮೂರನೆಯದು ಲಿಫ್ಟ್‌ಗೆ ಸಂಬಂಧಿಸಿದ್ದು, ಈ ಸಲ ಅವರು ಒಳಗೇ ಇದ್ದರು.